ಕೈ ಒಂದೇ, ತಿರುವು ಎರಡು: ಗೂಗ್ಲಿ ಕಣ್ಣು ತಪ್ಪಿಸೋದು ಹೇಗೆ?

ಲೆಗ್ ಸ್ಪಿನ್ನರ್ ಗೂಗ್ಲಿ ಹಾಕಿದಾಗ ಕಾಮೆಂಟರಿಯಲ್ಲಿ 'ಬ್ಯಾಟ್ಸ್‌ಮನ್‌ಗೆ ಗೊತ್ತೇ ಆಗಲಿಲ್ಲ' ಅಂತಾರೆ. ಯಾಕೆ ಗೊತ್ತಾಗಲಿಲ್ಲ ಅಂತ ಹೇಳೋದು ಕಮ್ಮಿ. ಬೌಲರ್ ಚೆಂಡನ್ನು ಉಲ್ಟಾ ತಿರುಗಿಸಿದ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಬೆರಳುಗಳು ಉಲ್ಟಾ ಕೆಲಸ ಏನೂ ಮಾಡಿರುವುದಿಲ್ಲ. ಮಜಾ ಇರೋದೇ ಅಲ್ಲಿ.

ಒಂದು ಚೆಂಡು ಕೈಗೆ ತಗೊಳ್ಳಿ. ಬಲಗೈ ಬೌಲರ್, ಬಲಗೈ ಬ್ಯಾಟ್ಸ್‌ಮನ್ ಅಂತಿಟ್ಟುಕೊಳ್ಳೋಣ. ತೋರುಬೆರಳು, ನಡುಬೆರಳು ಸೀಮ್ ಮೇಲೆ ಅಡ್ಡಲಾಗಿ ಕೂರುತ್ತವೆ. ಉಂಗುರದ ಬೆರಳು ಮಡಚಿಕೊಂಡು ಪಕ್ಕದಲ್ಲಿ ಸೀಮಿಗೆ ಒತ್ತಿಕೊಂಡಿರುತ್ತದೆ, ತಿರುಗಿಸುವ ಕೆಲಸ ಜಾಸ್ತಿ ಇದರದ್ದೇ. ಈಗ ಕೈ ಮೇಲೆತ್ತಿ, ಅಂಗೈ ಬ್ಯಾಟ್ಸ್‌ಮನ್ ಕಡೆಗಿರಲಿ. ಉಂಗುರದ ಬೆರಳು ಚೆಂಡಿನ ಬಲಕ್ಕಿದೆ ಅಲ್ವಾ? ಅದು ಮೇಲಕ್ಕೆ ಚಿಮ್ಮಿದರೆ ಚೆಂಡಿನ ಬಲಭಾಗ ಮೇಲೇಳುತ್ತದೆ, ಅಂದರೆ ಬೌಲರ್ ಕಣ್ಣಿಗೆ ಚೆಂಡು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ನೆಲಕ್ಕೆ ತಾಗುವ ತಳಭಾಗ ಬಲಕ್ಕೆ ಜಾರಲು ನೋಡುತ್ತದೆ, ಘರ್ಷಣೆ ಚೆಂಡನ್ನು ಎಡಕ್ಕೆ ತಳ್ಳುತ್ತದೆ. ಲೆಗ್ ಕಡೆಯಿಂದ ಆಫ್ ಕಡೆಗೆ. ಇದು ಲೆಗ್ ಬ್ರೇಕ್.

ಈಗ ಹಿಡಿತ ಬದಲಿಸಬೇಡಿ. ಕೈಯನ್ನಷ್ಟೇ ಕಾಲು ಸುತ್ತು ತಿರುಗಿಸಿ, ಹೆಬ್ಬೆರಳು ಬ್ಯಾಟ್ಸ್‌ಮನ್ ಕಡೆ ಬರಲಿ. ಉಂಗುರದ ಬೆರಳು ಈಗ ಚೆಂಡಿನ ಹಿಂದಿದೆ. ಅದೇ ಚಿಮ್ಮಿಕೆಗೆ ಚೆಂಡು ಮುಂದಕ್ಕೆ ಉರುಳುತ್ತಾ ಹೋಗುತ್ತದೆ, ಅದು ಟಾಪ್ ಸ್ಪಿನ್. ಇನ್ನೂ ಕಾಲು ಸುತ್ತು ತಿರುಗಿಸಿದರೆ ಕೈಯ ಹಿಂಭಾಗ ಬ್ಯಾಟ್ಸ್‌ಮನ್‌ಗೆ ಕಾಣುತ್ತದೆ, ಉಂಗುರದ ಬೆರಳು ಎಡಕ್ಕೆ ಬಂದಿರುತ್ತದೆ. ಅದೇ ಬೆರಳು, ಅದೇ ಚಿಮ್ಮಿಕೆ, ಆದರೆ ಚೆಂಡು ತಿರುಗೋದು ಎದುರು ದಿಕ್ಕಿಗೆ. ಇದೇ ಗೂಗ್ಲಿ. ನಿಜವಾದ ಬೌಲಿಂಗಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಅರ್ಧ ಸುತ್ತು ಬರುವುದಿಲ್ಲ. ಲೆಗ್ ಬ್ರೇಕಿನಲ್ಲೂ ಒಂದಿಷ್ಟು ಟಾಪ್ ಸ್ಪಿನ್ ಬೆರೆತಿರುತ್ತದೆ, ಗೂಗ್ಲಿಯಲ್ಲಂತೂ ಇನ್ನೂ ಜಾಸ್ತಿ. ಹಾಗಾಗಿಯೇ ಗೂಗ್ಲಿ ಗಾಳಿಯಲ್ಲಿ ತಟ್ಟನೆ ಕೆಳಗಿಳಿದು, ಬಿದ್ದ ಮೇಲೆ ಎತ್ತರಕ್ಕೆ ಪುಟಿಯುವುದು.

ಹಾಗಾದರೆ ಕೈಯ ಹಿಂಭಾಗ ನೋಡಿ ಗುರುತು ಹಿಡಿಯಬಹುದಲ್ಲ? ಹಿಡಿಯಬಹುದು, ಒಳ್ಳೆಯ ಆಟಗಾರರು ಅದನ್ನೇ ಮಾಡ್ತಾರೆ. ಸಮಸ್ಯೆ ವೇಗದ್ದು. ಚೆಂಡು ಗಂಟೆಗೆ 80 ಕಿ.ಮೀ.ನಲ್ಲಿ ಹೊರಟರೆ ಸೆಕೆಂಡಿಗೆ ಸುಮಾರು 22 ಮೀಟರ್. ಬಿಡುವ ಗಳಿಗೆಯಲ್ಲಿ ಕೈಯೂ ಹೆಚ್ಚುಕಮ್ಮಿ ಅದೇ ವೇಗದಲ್ಲಿ ಬೀಸುತ್ತಿರುತ್ತದೆ. ಕೈ ಕೊನೆಯ 40 ಸೆಂಟಿಮೀಟರ್ ದಾಟುವುದು ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ. ಓಟ, ಭುಜ, ತೋಳಿನ ಬೀಸು ಎಲ್ಲ ಎರಡೂ ಎಸೆತಕ್ಕೆ ಒಂದೇ ಥರ. ಬೇರೆಯಾಗೋದು ಮಣಿಕಟ್ಟು, ಅದೂ ಆ ಒಂದು ಚೂರು ಹೊತ್ತು. ರಶೀದ್ ಖಾನ್ ಥರದವರು ತೋಳನ್ನು ಇನ್ನೂ ಜೋರಾಗಿ ಬೀಸುತ್ತಾರೆ, ಆಗ ಆ ಹೊತ್ತೂ ಕುಗ್ಗುತ್ತದೆ.

ಕೈ ತಪ್ಪಿದರೆ ಪಿಚ್ ನೋಡಿ ಆಡೋಣ ಅಂದ್ರೆ ಅದು ಇನ್ನೂ ಕಷ್ಟ. ಚೆಂಡು ಬ್ಯಾಟಿಗಿಂತ 4 ಮೀಟರ್ ಮುಂದೆ ಬಿತ್ತು ಅನ್ನಿ. ಬಿದ್ದ ಮೇಲೆ ಸೆಕೆಂಡಿಗೆ 16 ಮೀಟರ್ ವೇಗ ಉಳಿದಿದ್ದರೆ ನಿಮಗೆ ಸಿಗೋದು ಕಾಲು ಸೆಕೆಂಡು. ಕಣ್ಣು ಕಂಡಿದ್ದಕ್ಕೆ ಕೈ ಸ್ಪಂದಿಸೋಕೇ ಸುಮಾರು 0.2 ಸೆಕೆಂಡು ಬೇಕು, ಬ್ಯಾಟ್ ಆಗಲೇ ಬೀಸಿಯಾಗಿದೆ. ಚೆಂಡು ಬರೀ 3 ಡಿಗ್ರಿ ತಿರುಗಿದರೂ ಆ 4 ಮೀಟರಿನಲ್ಲಿ 21 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಬ್ಯಾಟಿನ ಅಗಲ ಹೆಚ್ಚೆಂದರೆ 10.8 ಸೆಂ.ಮೀ. ಲೆಗ್ ಬ್ರೇಕ್ ಅಂತ ಆಡಿದ್ದು ಗೂಗ್ಲಿಯಾಗಿ ಅಷ್ಟೇ ತಿರುಗಿದರೆ ನಿಮ್ಮ ಲೆಕ್ಕಕ್ಕೂ ಚೆಂಡಿಗೂ 42 ಸೆಂ.ಮೀ. ಅಂತರ. ಬ್ಯಾಟು, ಪ್ಯಾಡಿನ ನಡುವಿನ ಸಂದಿಯಲ್ಲಿ ಚೆಂಡು ನುಗ್ಗೋದು ಹೀಗೆ. 1948ರಲ್ಲಿ ಓವಲ್‌ನಲ್ಲಿ ಬ್ರಾಡ್‌ಮನ್ ತಮ್ಮ ಕೊನೆಯ ಟೆಸ್ಟ್ ಇನ್ನಿಂಗ್ಸಿನ ಎರಡನೇ ಎಸೆತಕ್ಕೇ ಎರಿಕ್ ಹಾಲಿಸ್ ಗೂಗ್ಲಿಗೆ ಬೌಲ್ಡ್ ಆದರು, ಸೊನ್ನೆಗೆ. ಅವರ ಸರಾಸರಿ 99.94ಕ್ಕೆ ನಿಂತಿದ್ದು ಹಾಗೆ.

ಸುಳಿವುಗಳು ಇಲ್ಲವೇ ಇಲ್ಲ ಅಂತಲ್ಲ. ಮಣಿಕಟ್ಟನ್ನು ಅಷ್ಟು ಸುತ್ತಲು ಕಷ್ಟಪಡುವ ಬೌಲರ್ ತೋಳನ್ನು ಕಿವಿಗೆ ಹತ್ತಿರ ತರುತ್ತಾನೆ, ತಲೆ ಪಕ್ಕಕ್ಕೆ ವಾಲುತ್ತದೆ, ಚೆಂಡು ಕೊಂಚ ಮೇಲಕ್ಕೆ ಹೋಗುತ್ತದೆ. ಗಾಳಿಯಲ್ಲಿ ಸೀಮ್ ಕಂಡರೆ ಲೆಗ್ ಬ್ರೇಕಿಗೆ ಅದು ಸ್ಲಿಪ್ ಕಡೆ ವಾಲಿರುತ್ತದೆ, ಗೂಗ್ಲಿಗೆ ಲೆಗ್ ಕಡೆ. ಬಿಳಿ ಚೆಂಡು, ರಾತ್ರಿ ಬೆಳಕು, ಅಲುಗಾಡುವ ಸೀಮ್ ಸೇರಿದರೆ ಈ ಗುರುತೂ ಕೈಕೊಡುತ್ತದೆ.

ಬೌಲರ್‌ಗೂ ಇದು ಪುಕ್ಕಟೆ ಅಲ್ಲ. ವಿಕೆಟ್ ಬೀಳುತ್ತೆ ಅಂತ ಗೂಗ್ಲಿಯನ್ನೇ ಹಾಕ್ತಾ ಹೋದರೆ ಮಣಿಕಟ್ಟು ಆ ಜಾಗಕ್ಕೇ ಒಗ್ಗಿಹೋಗುತ್ತದೆ, ಲೆಗ್ ಬ್ರೇಕ್ ಹಾಕಲು ಹೋದಾಗಲೂ ಚೆಂಡು ನೇರ ಹೋಗತೊಡಗುತ್ತದೆ. ಆಮೇಲೆ ಬ್ಯಾಟ್ಸ್‌ಮನ್ ಕೈ ನೋಡುವುದನ್ನೇ ಬಿಟ್ಟು, ಎಲ್ಲವನ್ನೂ ಒಳಕ್ಕೆ ಬರುವ ಚೆಂಡು ಅಂತಲೇ ಆರಾಮಾಗಿ ಆಡುತ್ತಾನೆ.