ಹಾಫ್ ಲೈಫ್: ಹಾಲುಣಿಸೋ ತಾಯಿಗೆ ಕಾಫಿಯಲ್ಲಿ ಲೋಟದ ಲೆಕ್ಕ, ಆಲ್ಕೋಹಾಲ್‌ನಲ್ಲಿ ಗಂಟೆ ಲೆಕ್ಕ

ಎದೆಹಾಲು ಕುಡಿಸೋ ತಾಯಂದ್ರು ಸಾಮಾನ್ಯವಾಗಿ ಕೇಳೋದು "ಕಾಫಿ ಕುಡಿದು ಎಷ್ಟು ಹೊತ್ತು ಬಿಟ್ಟು ಮಗುಗೆ ಹಾಲು ಕೊಡ್ಲಿ" ಅಂತ. ಆಲ್ಕೋಹಾಲ್ ಬಗ್ಗೆ ಆದ್ರೆ ಇದು ಕೇಳಲೇಬೇಕಾದ ಪ್ರಶ್ನೆ. ಕಾಫಿ ಬಗ್ಗೆ ಆದ್ರೆ, ಅದರಲ್ಲೂ ಮಗು ಇನ್ನೂ ಹಸುಗೂಸಾಗಿದ್ರೆ, ಹೊತ್ತು ಬಿಡೋದ್ರಿಂದ ಅಷ್ಟೇನೂ ಪ್ರಯೋಜನ ಇಲ್ಲ, ದಿನಕ್ಕೆ ಎಷ್ಟು ಲೋಟ ಅನ್ನೋದೇ ಮುಖ್ಯ. ಯಾಕೆ ಹೀಗೆ ಅಂತ ಗೊತ್ತಾಗಬೇಕಾದ್ರೆ ಹಾಫ್ ಲೈಫ್ ಅನ್ನೋ ಒಂದು ಪದ ಅರ್ಥ ಆದ್ರೆ ಸಾಕು.

ಹಾಫ್ ಲೈಫ್ ಅಂದ್ರೆ ಮೈಯೊಳಗೆ ಹೋದ ಒಂದು ಪದಾರ್ಥ ಅರ್ಧಕ್ಕೆ ಇಳಿಯೋಕೆ ಹಿಡಿಯೋ ಸಮಯ. ದೊಡ್ಡವರಲ್ಲಿ ಕೆಫೀನ್‌ಗೆ ಇದು ಸುಮಾರು 5 ಗಂಟೆ. ಬೆಳಿಗ್ಗೆ 7ಕ್ಕೆ 100 ಮಿಲಿಗ್ರಾಂ ಕೆಫೀನ್ ಒಳಗೆ ಹೋದ್ರೆ ಮಧ್ಯಾಹ್ನ 12ಕ್ಕೆ 50 ಇರುತ್ತೆ, ಸಂಜೆ 5ಕ್ಕೆ 25, ಮಲಗೋ ಹೊತ್ತಿಗೆ ಇನ್ನೂ ಅರ್ಧ. ತಾಯಿ ಮೈಯಲ್ಲಿ ಹೀಗೆ ಬೇಗ ಖಾಲಿ ಆಗುತ್ತೆ. ಆದ್ರೆ ಹುಟ್ಟಿದ ಮಗುವಿನ ಲಿವರ್ ಇನ್ನೂ ಬಲಿತಿರಲ್ಲ, ಕೆಫೀನ್ ಒಡೆಯೋ ಕೆಲಸ ಅದಕ್ಕೆ ಇನ್ನೂ ಸರಿಯಾಗಿ ಬರಲ್ಲ, ಹಾಗಾಗಿ ಅದೇ ಕೆಫೀನ್ ಮಗು ಮೈಯಲ್ಲಿ ಅರ್ಧ ಆಗೋಕೆ 80 ಗಂಟೆ ಅಥವಾ ಅದಕ್ಕಿಂತ ಹೆಚ್ಚೇ ಬೇಕು, ಅಂದ್ರೆ ಮೂರು ದಿನಕ್ಕೂ ಮೇಲೆ. 3ರಿಂದ 5 ತಿಂಗಳ ಹೊತ್ತಿಗೆ ಅದು ಸುಮಾರು 14 ಗಂಟೆಗೆ ಇಳಿಯುತ್ತೆ, 6 ತಿಂಗಳಾಗೋಷ್ಟರಲ್ಲಿ ದೊಡ್ಡವರಷ್ಟೇ ಬೇಗ ಖಾಲಿ ಮಾಡೋದನ್ನ ಕಲಿತಿರುತ್ತೆ.

ಈಗ ಒಂದು ಲೆಕ್ಕ ಹಾಕೋಣ. 3 ಕೆಜಿ ತೂಕದ ಹಸುಗೂಸು, ತಾಯಿ ದಿನಕ್ಕೆ ಎರಡು ಲೋಟ ಫಿಲ್ಟರ್ ಕಾಫಿ ಕುಡೀತಾರೆ. 150 ಎಂಎಲ್ ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತೆ (ಇನ್‌ಸ್ಟಂಟ್ ಆದ್ರೆ 50ರಿಂದ 65, ಟೀ ಆದ್ರೆ 30ರಿಂದ 65, ಚಿಕೋರಿಯಲ್ಲಿ ಕೆಫೀನ್ ಇಲ್ಲ), ಸೋ ಎರಡು ಲೋಟಕ್ಕೆ 200 ಅಂತ ಇಟ್ಕೊಳ್ಳಿ. ಹಾಲಿನ ಮೂಲಕ ಮಗುಗೆ ಹೋಗೋದು ಅದರಲ್ಲಿ ನೂರಕ್ಕೆ ಒಂದು ಪಾಲು, ಅಂದ್ರೆ ಬರೀ 2 ಮಿಲಿಗ್ರಾಂ. ಇಷ್ಟೇನಾ ಅನ್ಸುತ್ತೆ. ಆದ್ರೆ ನಾಳೆ ಇನ್ನೊಂದು 2 ಬರೋ ಹೊತ್ತಿಗೆ ಇವತ್ತಿನದ್ರಲ್ಲಿ ನೂರಕ್ಕೆ 80 ಭಾಗ ಇನ್ನೂ ಒಳಗೇ ಇರುತ್ತೆ, ನಾಡಿದ್ದು ಇನ್ನೊಂದು, ಹೀಗೆ ಮೇಲೆ ಮೇಲೆ ಸೇರ್ತಾ ಎರಡು ವಾರದಲ್ಲಿ ಅದು ದಿನದ ಪಾಲಿನ ಐದರಷ್ಟಕ್ಕೆ ಬಂದು ನಿಲ್ಲುತ್ತೆ, ಹತ್ತಿರ ಹತ್ತಿರ 10 ಮಿಲಿಗ್ರಾಂ. ಕೆಜಿಗೆ 3 ಚಿಲ್ಲರೆ. ಸಾಮಾನ್ಯವಾಗಿ ಆರೋಗ್ಯವಾಗಿರೋ ಮಗು ಇದನ್ನ ತಡ್ಕೊಳ್ಳುತ್ತೆ.

ಅದೇ ತಾಯಿ ದಿನಕ್ಕೆ ಆರು ಲೋಟ ಕುಡಿದ್ರೆ? ಇದೇ ಲೆಕ್ಕದಲ್ಲಿ ಮಗು ಮೈಯಲ್ಲಿ 30 ಮಿಲಿಗ್ರಾಂ, ಕೆಜಿಗೆ 10 ಆಯ್ತು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು ಉಸಿರಾಡೋದನ್ನ ಮರೆತು ನಿಲ್ಲಿಸಿಬಿಡ್ತವೆ ಅಂತ ಎನ್‌ಐಸಿಯುನಲ್ಲಿ ಡಾಕ್ಟರ್‌ಗಳು ಕೆಫೀನನ್ನೇ ಔಷಧಿಯಾಗಿ ಕೊಡ್ತಾರೆ, ಅದರ ಮೊದಲ ಡೋಸ್ ಕೆಜಿಗೆ 10 ಮಿಲಿಗ್ರಾಂ ಕೆಫೀನ್. ಅಂದ್ರೆ ಆರು ಲೋಟದ ತಾಯಿಯ ಮಗು ಒಂದು ಔಷಧಿ ಡೋಸ್‌ನಷ್ಟು ಕೆಫೀನ್ ಇಟ್ಕೊಂಡು ತಿರುಗ್ತಿರುತ್ತೆ! ಅಂಥ ಮಗು ಕಣ್ಣು ಪಿಳಿಪಿಳಿ ಬಿಟ್ಕೊಂಡು ಮಲಗೋದೇ ಇಲ್ಲ, ಸಣ್ಣ ಸದ್ದಿಗೂ ಬೆಚ್ಚಿ ಬೀಳುತ್ತೆ, ಕೈಕಾಲು ನಡುಗಿದ ಹಾಗೆ ಆಡುತ್ತೆ, ಮನೆಯವರು ದೃಷ್ಟಿ ಆಗಿದೆ ಹೊಟ್ಟೆನೋವು ಅಂತ ಏನೇನೋ ಮಾಡ್ತಾರೆ. ಕಾಫಿಯಿಂದಾನಾ ಅಂತ ನೋಡ್ಬೇಕಾದ್ರೆ ಒಂದು ವಾರನಾದ್ರೂ ಬಿಟ್ಟು ನೋಡ್ಬೇಕು, ಒಂದು ದಿನ ಬಿಟ್ಟು "ಏನೂ ಫರಕ್ಕಾಗಿಲ್ಲ" ಅನ್ನೋದು ತಪ್ಪು, ಯಾಕಂದ್ರೆ ಒಳಗಿರೋದು ಅರ್ಧ ಆಗೋಕೇ ಮೂರು ದಿನ ಬೇಕು. ಈ ಲಕ್ಷಣಗಳಿಗೆ ಬೇರೆ ಕಾರಣನೂ ಇರಬಹುದು, ಮಗು ಹಾಲೂ ಸರಿಯಾಗಿ ಕುಡೀತಿಲ್ಲ ಅಂದ್ರೆ ವಾರ ಕಾಯದೆ ಡಾಕ್ಟರ್‌ಗೆ ತೋರಿಸಿ.

ಹಾಲಿನಲ್ಲಿ ಕೆಫೀನ್ ಜಾಸ್ತಿ ಇರೋದು ಕುಡಿದ ಒಂದರಿಂದ ಎರಡು ಗಂಟೆ ಒಳಗೆ, ಹಾಗಾಗಿ ಮಗುಗೆ ಹಾಲು ಕೊಟ್ಟ ತಕ್ಷಣ ಕಾಫಿ ಕುಡಿಯೋದು ಒಳ್ಳೇದೇ. ಆದ್ರೆ ಇದ್ರಿಂದ ಆಗೋ ಲಾಭ ಸ್ವಲ್ಪವೇ. ದಿನಕ್ಕೆ 200 ಮಿಲಿಗ್ರಾಂ ಒಳಗೆ ಇಟ್ಕೊಳ್ಳಿ ಅಂತ ಯುರೋಪಿನವರು ಹೇಳ್ತಾರೆ, 300ರ ತನಕ ಪರವಾಗಿಲ್ಲ ಅಂತ ಅಮೆರಿಕದ ಸಿಡಿಸಿ ಹೇಳುತ್ತೆ. ಹಸುಗೂಸಿರೋವಾಗ 200 ಸರಿ, ಮಗು ಆರು ತಿಂಗಳು ದಾಟಿದ ಮೇಲೆ 300 ಆದ್ರೂ ತೊಂದ್ರೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಆಲ್ಕೋಹಾಲ್‌ಗೆ ಈ ಹಾಫ್ ಲೈಫ್ ಲೆಕ್ಕ ನಡೆಯಲ್ಲ. ಅದನ್ನ ಲಿವರ್ ಅರ್ಧ ಅರ್ಧ ಮಾಡಿ ಇಳಿಸಲ್ಲ, ಎಷ್ಟೇ ಇರಲಿ ಗಂಟೆಗೆ ಇಷ್ಟು ಗ್ರಾಂ ಅಂತ ಒಂದೇ ವೇಗದಲ್ಲಿ ಖಾಲಿ ಮಾಡುತ್ತೆ, ಅಂದಾಜು 7 ಗ್ರಾಂ. ಮತ್ತೆ ರಕ್ತದಲ್ಲಿ ಎಷ್ಟಿದೆಯೋ ಹಾಲಿನಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಕುಡಿದ ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ಅದು ತುದಿಗೆ ಹೋಗುತ್ತೆ, ಊಟದ ಜೊತೆ ಆದ್ರೆ ಇನ್ನೂ ಸ್ವಲ್ಪ ತಡ. ರಕ್ತದಲ್ಲಿ ಇಳಿದಂಗೆ ಹಾಲಿನಿಂದಲೂ ವಾಪಸ್ ರಕ್ತಕ್ಕೆ ಹೋಗುತ್ತೆ. ಅದಕ್ಕೇ ಹಾಲು ಹಿಂಡಿ ಚೆಲ್ಲಿದ್ರೆ ಬೇಗ ಕ್ಲೀನ್ ಆಗುತ್ತೆ ಅನ್ನೋದು ಸುಳ್ಳು, ರಕ್ತದಲ್ಲಿ ಇರೋ ತನಕ ಹೊಸ ಹಾಲಲ್ಲೂ ಬರ್ತಾನೇ ಇರುತ್ತೆ. ಎದೆ ಗಟ್ಟಿಯಾಗಿ ನೋವಾಗ್ತಿದ್ರೆ ಮಾತ್ರ ಹಿಂಡಿ, ಆ ಹಾಲು ಚೆಲ್ಲಿ.

ಕುಡಿಯದೇ ಇರೋದೇ ಎಲ್ಲಕ್ಕಿಂತ ಸೇಫ್. ಒಂದು ಮದುವೆ ಪಾರ್ಟಿ ಅಂತ ಯಾವಾಗಲೋ ಒಮ್ಮೆ ಆದ್ರೆ ಲೆಕ್ಕ ಹೀಗೆ: 330 ಎಂಎಲ್‌ನ 5 ಪರ್ಸೆಂಟ್ ಬಿಯರ್‌ನಲ್ಲಿ 13 ಗ್ರಾಂ ಆಲ್ಕೋಹಾಲ್, ಕನಿಷ್ಠ 2 ಗಂಟೆ. 60 ಎಂಎಲ್ ಪೆಗ್‌ನಲ್ಲಿ 20 ಗ್ರಾಂ, 3 ಗಂಟೆ. 650 ಎಂಎಲ್‌ನ ಬಿಯರ್ ಬಾಟಲಿಯಲ್ಲಿ 26 ಗ್ರಾಂ, 4 ಗಂಟೆ ಹತ್ರ. ತಾಯಿ 50, 55 ಕೆಜಿ ಇದ್ರೆ ಪ್ರತಿಯೊಂದಕ್ಕೂ ಇನ್ನೊಂದು ಅರ್ಧ, ಮುಕ್ಕಾಲು ಗಂಟೆ ಸೇರಿಸಿ. ರಾತ್ರಿ 8ಕ್ಕೆ ಹಾಲು ಕೊಟ್ಟು, 8:15ಕ್ಕೆ ಸಣ್ಣ ಬಿಯರ್ ಶುರು ಮಾಡಿ 8:45ಕ್ಕೆ ಮುಗಿಸಿದ್ರೆ ಮುಂದಿನ ಹಾಲು 11:15ರ ಮೇಲೆ, ಮಧ್ಯೆ ಮಗು ಎದ್ರೆ ಅಂತ ಕುಡಿಯೋಕೆ ಮುಂಚೆನೇ ಒಂದು ಸಲದ ಹಾಲು ಹಿಂಡಿ ಫ್ರಿಜ್‌ನಲ್ಲಿ ಇಟ್ಟಿರಿ. ಅವತ್ತು ರಾತ್ರಿ ಮಗುನ ಪಕ್ಕದಲ್ಲಿ ಹಾಕ್ಕೊಂಡು ಮಲಗಬೇಡಿ, ತಾಯಿಗೆ ಎಚ್ಚರ ತಪ್ಪಿ ಮಗು ಮೇಲೆ ಹೊರಳೋ ಅಪಾಯ ಹಾಲಿನ ಅಪಾಯಕ್ಕಿಂತ ದೊಡ್ಡದು.

ಬಿಯರ್ ಕುಡಿದ್ರೆ ಹಾಲು ಹೆಚ್ಚುತ್ತೆ ಅಂತಾರಲ್ಲ, ಅದು ಉಲ್ಟಾ. ಹಾಲು ಇಳಿಸೋ ಆಕ್ಸಿಟೋಸಿನ್ ಹಾರ್ಮೋನ್‌ನ ಆಲ್ಕೋಹಾಲ್ ತಡೆಯುತ್ತೆ, ಎದೆ ತುಂಬಿದಂಗೆ ಅನಿಸೋದು ಹಾಲು ಇಳೀದೇ ಇರೋದ್ರಿಂದ. ಅಂಥ ಹೊತ್ತಲ್ಲಿ ಕುಡಿಸಿದ್ರೆ ಮುಂದಿನ ಕೆಲವು ಗಂಟೆಯಲ್ಲಿ ಮಗುಗೆ ಸಿಗೋ ಹಾಲು ಐದರಲ್ಲಿ ಒಂದು ಪಾಲಿನಷ್ಟು ಕಮ್ಮಿ ಆಗುತ್ತೆ. ಬಾಣಂತಿಗೆ ಬ್ರಾಂದಿ ಕೊಡೋ ರೂಢಿ ಇರೋ ಮನೆಗಳಲ್ಲಿ ಇದನ್ನ ದೊಡ್ಡವರಿಗೆ ಸಮಾಧಾನವಾಗಿ ಹೇಳ್ಬೇಕು. ದಶಮೂಲಾರಿಷ್ಟದಲ್ಲೂ ತಾನಾಗೇ ಹುಟ್ಟಿದ ಆಲ್ಕೋಹಾಲ್ ಇರುತ್ತೆ, ಲೇಬಲ್ ಮೇಲೆ ಬರೆದಿರ್ತಾರೆ ನೋಡಿ, 10 ಪರ್ಸೆಂಟ್ ಅಂತಿದ್ರೆ 30 ಎಂಎಲ್‌ಗೆ ಎರಡೂವರೆ ಗ್ರಾಂ ಆಗುತ್ತೆ, ಅದು ಖಾಲಿ ಆಗೋಕೆ 20ರಿಂದ 30 ನಿಮಿಷ, ಹಾಗಾಗಿ ಡಾಕ್ಟರ್ ತಗೊಳ್ಳಿ ಅಂದಿದ್ರೆ ಮಗುಗೆ ಹಾಲು ಕೊಟ್ಟು ಮಲಗಿಸಿದ ಮೇಲೆ ತಗೊಂಡ್ರೆ ಮುಂದಿನ ಹಾಲಿನ ಹೊತ್ತಿಗೆ ಇಳಿದಿರುತ್ತೆ.