6 ಅನ್ನು 9 ಮಾಡುವಾಗ: ಜೆರ್ಸಿ ನಂಬರ್, ಸುಕ್ಕು, ಹೊಲಿಗೆ

ನಮ್ಮ ವಾಲಿಬಾಲ್ ಟೀಮಿನ ಫೋಟೋ ತೆಗೆದ ದಿನ ಒಬ್ಬ ಹುಡುಗ ಜೆರ್ಸಿ ಮರೆತು ಬಂದಿದ್ದ. ಬೇರೆಯವರ 6ನೇ ನಂಬರ್ ಹಾಕಿಕೊಂಡು ನಿಂತ. ಅವನ ನಂಬರ್ 9. ಫ್ರೇಮ್ ಹಾಕಿಸುವ ಮೊದಲು ಸರಿ ಮಾಡಿಕೊಡು ಅಂತ ಟೀಮಿನವರೇ ಕೇಳಿದರು. ಫೋಟೋಶಾಪ್‌ನಲ್ಲಿ ಮಾಡಿದ ಆ ಕೆಲಸದ ಟಿಪ್ಪಣಿ ಇದು.

ಮೊದಲು ನಾನೂ ಎಲ್ಲರ ಹಾಗೇ ಯೋಚಿಸಿದೆ. 6 ಅನ್ನು ಕತ್ತರಿಸಿ ತಲೆಕೆಳಗೆ ಮಾಡಿದರೆ 9 ಆಯ್ತಲ್ವಾ? ಆಗಲಿಲ್ಲ. ಬೆಳಕು ಮೇಲೆ ಎಡಗಡೆಯಿಂದ ಬರುತ್ತಿತ್ತು. ನಂಬರ್ ದಪ್ಪ ಬಿಳಿ ಬಟ್ಟೆಯದು, ಮೆರೂನ್ ಜೆರ್ಸಿಯ ಮೇಲೆ ಇಟ್ಟು ಸುತ್ತಲೂ ಝಿಗ್‌ಝ್ಯಾಗ್ ಹೊಲಿಗೆ ಹಾಕಿದ್ದರು. ಹಾಗಾಗಿ ಅದರ ಕೆಳ ಅಂಚಿಗೂ ಬಲ ಅಂಚಿಗೂ ಸಣ್ಣ ನೆರಳಿತ್ತು. ತಿರುಗಿಸಿದ ಕೂಡಲೇ ಆ ನೆರಳು ಮೇಲಕ್ಕೂ ಎಡಕ್ಕೂ ಹೋಯಿತು. ಭುಜದಿಂದ ಓರೆಯಾಗಿ ಇಳಿದ ಸುಕ್ಕು ನಂಬರಿನ ಅಂಚಿಗೆ ಬಂದು ಅಲ್ಲೇ ತುಂಡಾಯಿತು. ಏನು ತಪ್ಪು ಅಂತ ಹೇಳಲು ಬಾರದವರಿಗೂ ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತಿತ್ತು.

ಆಮೇಲೆ ಹೊಳೆದದ್ದು ಇದು. ಕ್ಯಾಲ್ಕುಲೇಟರಿನಲ್ಲಿ ಅಂಕಿಗಳು ಏಳು ಗೆರೆಗಳಿಂದ ಆಗುತ್ತವೆ ನೋಡಿ. ಅಲ್ಲಿ 6ಕ್ಕೂ 9ಕ್ಕೂ ಇರುವ ವ್ಯತ್ಯಾಸ ಎರಡೇ ಗೆರೆ. ಕೆಳಗಿನ ಎಡ ಗೆರೆ ತೆಗೆಯಬೇಕು, ಮೇಲಿನ ಬಲ ಗೆರೆ ಸೇರಿಸಬೇಕು. ಜೆರ್ಸಿಯ ಚೌಕ ಅಂಕಿಗಳೂ ಹೆಚ್ಚುಕಮ್ಮಿ ಹಾಗೇ ಇರುತ್ತವೆ. ಅಂದರೆ ಐದು ಗೆರೆ ನಿಜವಾದ ಬಟ್ಟೆ, ನಿಜವಾದ ಹೊಲಿಗೆಯಾಗೇ ಉಳಿಯುತ್ತವೆ. ಯಾವ ನಂಬರನ್ನೇ ಬದಲಿಸಿ, ಹಳೆಯದರಲ್ಲಿ ಎಷ್ಟು ಉಳಿಸಿಕೊಳ್ಳಬಹುದು ಅಂತ ಮೊದಲು ನೋಡಿ.

ನನ್ನ ಫೋಟೋದಲ್ಲಿ ಅಂಕಿ ಸುಮಾರು 300 ಪಿಕ್ಸೆಲ್ ಎತ್ತರ, ಗೆರೆ 50 ಪಿಕ್ಸೆಲ್ ಅಗಲ ಇತ್ತು. ಕೆಳಗಿನ ಎಡ ಗೆರೆಯನ್ನು ಬೇರೆ ಲೇಯರ್‌ನಲ್ಲಿ ಕ್ಲೋನ್ ಸ್ಟ್ಯಾಂಪ್‌ನಿಂದ ಮುಚ್ಚಿದೆ. ಮಾದರಿ ಬಟ್ಟೆಯನ್ನು ಸುಕ್ಕು ಹೋಗುವ ದಿಕ್ಕಿನಲ್ಲೇ ಹಿಂದೆಯೋ ಮುಂದೆಯೋ ತೆಗೆದುಕೊಳ್ಳಬೇಕು. ಸುಕ್ಕಿಗೆ ಅಡ್ಡಲಾಗಿ ತೆಗೆದರೆ ಬೆಳಕಿನ ಜಾಗಕ್ಕೆ ನೆರಳಿನ ತುಂಡು ಬಂದು ಕೂರುತ್ತದೆ. ಇಲ್ಲಿ ಒಂದು ಮೋಸ ಇದೆ. ಹೊಲಿಗೆಯ ಪಕ್ಕದಲ್ಲಿ ಜೆರ್ಸಿ ಬಟ್ಟೆ ಸ್ವಲ್ಪ ಮುದುರಿಕೊಂಡಿರುತ್ತದೆ. ಬಿಳಿ ಗೆರೆಯನ್ನಷ್ಟೇ ಮುಚ್ಚಿದರೆ ಆ ಮುದುರು ಉಳಿದು, ಹಳೆಯ 6 ದೆವ್ವದ ಹಾಗೆ ಕಾಣುತ್ತಲೇ ಇರುತ್ತದೆ. ಹಾಗಾಗಿ ಗೆರೆಯ ಆಚೆಗೂ 15 ಪಿಕ್ಸೆಲ್ ತನಕ ಒರೆಸಿದೆ. ಗೊತ್ತಾಗಬೇಕಾದರೆ ಎಲ್ಲಕ್ಕಿಂತ ಮೇಲೆ ಒಂದು ಕರ್ವ್ಸ್ ಲೇಯರ್ ಇಟ್ಟು, ಅದರ ಕರ್ವ್ ಅನ್ನು ತುಂಬಾ ಕಡಿದಾಗಿ ಎಳೆದು ನೋಡಿ. ಅಡಗಿದ್ದದ್ದೆಲ್ಲ ಎದ್ದು ಬರುತ್ತದೆ. ನೋಡಿಯಾದ ಮೇಲೆ ಆ ಲೇಯರ್ ಅಳಿಸಿ.

ಈಗ ಹೊಸ ಗೆರೆ. ಇದಕ್ಕೆ ಬಣ್ಣ ಅಚ್ಚ ಬಿಳಿ ಬೇಡ. ಪಕ್ಕದ ಗೆರೆಯಲ್ಲಿ ಬೆಳಕು ಬಿದ್ದ ಕಡೆಯಿಂದ ಆರಿಸಿದರೆ ತುಸು ಹಳದಿ ಬೂದು ಸಿಗುತ್ತದೆ. ಅದರಿಂದ ನೆಟ್ಟಗಿನ, ಸುಕ್ಕಿಲ್ಲದ ಗೆರೆ ಎಳೆದೆ. ಹೊಲಿಗೆಯನ್ನು ಕೆಳಗಿನ ಬಲ ಗೆರೆಯಿಂದ ತಂದೆ. ಅದರ ಎರಡೂ ಅಂಚಿನಿಂದ, ನೆಟ್ಟಗಿರುವ ಭಾಗದಲ್ಲಿ, 12 ಪಿಕ್ಸೆಲ್ ಅಗಲದ ಪಟ್ಟಿ ಕತ್ತರಿಸಿ ಹೊಸ ಗೆರೆಯ ಅದೇ ಬದಿಗೆ ಇಟ್ಟೆ. ಬಲ ಅಂಚಿನದು ಬಲಕ್ಕೇ, ಎಡದ್ದು ಎಡಕ್ಕೇ. ಬೆಳಕು ಆಗ ತಾನಾಗಿ ಸರಿ ಹೊಂದುತ್ತದೆ. ಪಟ್ಟಿ ಸಾಲದಿದ್ದರೆ ಇನ್ನೊಮ್ಮೆ ಜೋಡಿಸಿ, ಕನ್ನಡಿಯ ಹಾಗೆ ಮಗುಚಬೇಡಿ. ಜೋಡಿಸುವಾಗ ಹೊಲಿಗೆಯ ಹಲ್ಲುಗಳ ನಡುವಿನ ಅಂತರ ತಪ್ಪಬಾರದು. ಆಮೇಲೆ ಗೆರೆ, ಹೊಲಿಗೆ ಎರಡನ್ನೂ ಒಂದೇ ಲೇಯರ್ ಮಾಡಿ. ಬಟ್ಟೆ ಬಾಗಿದಾಗ ಎರಡೂ ಒಟ್ಟಿಗೆ ಬಾಗಬೇಕು, ಅದಕ್ಕೆ.

ಬಾಗಿಸುವ ಕೆಲಸ `Filter > Distort > Displace` ನದು. ಅದಕ್ಕೆ ಒಂದು ನಕ್ಷೆ ಬೇಕು. ಅಂದರೆ ಅದೇ ಅಳತೆಯ ಕಪ್ಪುಬಿಳುಪು ಚಿತ್ರ, ಬೇರೆ `.psd` ಫೈಲ್ ಆಗಿ ಉಳಿಸಿದ್ದು. ನಕ್ಷೆಯ ಪಿಕ್ಸೆಲ್ ಕಪ್ಪಿಗೂ ಬಿಳಿಗೂ ನಡುವಿನ 128ರ ಬೂದು ಬಣ್ಣವಾಗಿದ್ದರೆ ಗೆರೆ ಅಲ್ಲಿ ಕದಲುವುದಿಲ್ಲ. ಅದಕ್ಕಿಂತ ಕಪ್ಪಾದರೆ ಒಂದು ಕಡೆ, ಬಿಳಿಯಾದರೆ ಇನ್ನೊಂದು ಕಡೆ ಸರಿಯುತ್ತದೆ. ಮೆರೂನ್ ಬಟ್ಟೆಯ ಸುಕ್ಕು ಕೆಂಪು ಚಾನೆಲ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಹಸಿರು ನೀಲಿಗಳಲ್ಲಿ ಬರೀ ಕತ್ತಲೆ. ಅದಕ್ಕೇ ಕೆಂಪನ್ನು ತೆಗೆದುಕೊಂಡೆ.

ನನಗೆ ಎರಡು ಸಲ ಎಡವಟ್ಟಾಯಿತು. ಮೊದಲ ಸಲ ಇಡೀ ಗೆರೆಯೇ ಪಕ್ಕಕ್ಕೆ ಜಾರಿತು. ನಕ್ಷೆಯಲ್ಲಿ ಸಮತಟ್ಟಾದ ಬಟ್ಟೆಯೇ 128ಕ್ಕಿಂತ ಕಪ್ಪಗಿತ್ತು, ಕಾರಣ ಅಷ್ಟೇ. ಲೆವೆಲ್ಸ್‌ನಲ್ಲಿ ಅದನ್ನು 128ರ ಹತ್ತಿರಕ್ಕೆ ತಂದ ಮೇಲೆ ಸರಿಯಾಯಿತು. ಎರಡನೇ ಸಲ ಗೆರೆಯ ಎರಡು ತುದಿಗಳೂ ಹರಿದ ಹಾಗಾದವು. ಹಳೆಯ ಅಂಕಿಯ ಬಿಳಿ ನಕ್ಷೆಯಲ್ಲಿ ಹಾಗೇ ಉಳಿದಿತ್ತು, ಫೋಟೋಶಾಪ್ ಅದನ್ನೂ ಉಬ್ಬು ಅಂದುಕೊಂಡಿತ್ತು. ನಕ್ಷೆಯಲ್ಲಿ ಮಾತ್ರ ಆ ಬಿಳಿಯನ್ನು ಬಟ್ಟೆಯಿಂದ ಮುಚ್ಚಿದೆ. ಈ ಫಿಲ್ಟರಿಗೆ ಆಳ ಗೊತ್ತಿಲ್ಲ, ಕಪ್ಪು ಬಿಳುಪು ಅಷ್ಟೇ ಗೊತ್ತು. ಬೆವರಿನ ಕಲೆಯನ್ನೂ ಅದು ಸುಕ್ಕು ಅಂತಲೇ ಓದುತ್ತದೆ.

ಎಷ್ಟು ಬಾಗಿಸಬೇಕು? ಪ್ರಮಾಣ 100 ಇಟ್ಟರೆ ಹೆಚ್ಚೆಂದರೆ 128 ಪಿಕ್ಸೆಲ್ ಸರಿಯುತ್ತದೆ. ನಾನು ಅಡ್ಡಕ್ಕೂ ಉದ್ದಕ್ಕೂ 4 ಇಟ್ಟೆ, ಅಂದರೆ ಹೆಚ್ಚೆಂದರೆ ಸುಮಾರು 5 ಪಿಕ್ಸೆಲ್. ನಕ್ಷೆಗೆ ಗಾಸಿಯನ್ ಬ್ಲರ್ ಕೊಡದಿದ್ದರೆ ಜಾಲರಿ ಬಟ್ಟೆಯ ಒಂದೊಂದು ತೂತೂ ಅಂಚನ್ನು ಕಡಿಯುತ್ತದೆ. ಹೊಲಿದ ನಂಬರಿನ ಬಟ್ಟೆ ಗಟ್ಟಿ, ಜೆರ್ಸಿಯಷ್ಟು ಚೂಪಾಗಿ ಸುಕ್ಕಾಗುವುದಿಲ್ಲ. ಅದಕ್ಕೆ ಬ್ಲರ್ 4 ಪಿಕ್ಸೆಲ್ ಕೊಟ್ಟೆ. ಅದೇ ಬಟ್ಟೆಯೊಳಗೇ ಪ್ರಿಂಟ್ ಆದ ನಂಬರಾಗಿದ್ದರೆ 1 ಅಥವಾ 2 ಸಾಕಿತ್ತು, ಹೊಲಿಗೆಯ ಕೆಲಸವೂ ಇರುತ್ತಿರಲಿಲ್ಲ.

ಇಷ್ಟಾದರೂ ಬಾಗಿದ್ದು ಅಂಚು ಮಾತ್ರ. ಗೆರೆಯ ಒಳಗೆ ಇನ್ನೂ ಸುಕ್ಕಿನ ನೆರಳಿಲ್ಲ, ಇಸ್ತ್ರಿ ಮಾಡಿದ ಹಾಗಿದೆ. ನಕ್ಷೆಯ ಇನ್ನೊಂದು ಪ್ರತಿಯನ್ನು ಗೆರೆಯ ಮೇಲೆ ಕ್ಲಿಪ್ ಮಾಡಿ ಮಲ್ಟಿಪ್ಲೈಗೆ ಹಾಕಿದೆ. ಹಾಗೇ ಹಾಕಿದರೆ ಗೆರೆ ಪೂರ್ತಿ ಬೂದು ಬಣ್ಣವಾಗುತ್ತದೆ. ಲೆವೆಲ್ಸ್‌ನ ಬಿಳಿ ತುದಿಯನ್ನು ಎಡಕ್ಕೆ ಎಳೆದು, ಸಮತಟ್ಟಾದ ಬಟ್ಟೆ ಬಿಳಿಯಾಗುವ ತನಕ ತಂದರೆ ಸುಕ್ಕಿನ ನೆರಳು ಮಾತ್ರ ಉಳಿಯುತ್ತದೆ. ನೆರಳು ಪಕ್ಕದ ಜೆರ್ಸಿಯಿಂದ ಗೆರೆಯೊಳಗೆ ನೇರವಾಗಿ ಹರಿದು ಬರುತ್ತಿದೆಯಾ ಅಂತ ನೋಡಿ.

ಹಳೆಯ ಅಂಕಿಗೂ ಹೊಸ ಗೆರೆಗೂ ಸೇರುವ ಕಡೆ ಮಾಸ್ಕ್‌ನ ಅಂಚು 2 ಪಿಕ್ಸೆಲ್ ಮೆದು ಇರಲಿ, ಅಡ್ಡ ಹಾಯುವ ಹಳೆಯ ಹೊಲಿಗೆಯನ್ನು ಒರೆಸಿ. ಹೊರ ಅಂಚು ಮಾತ್ರ ಗಟ್ಟಿಯಾಗೇ ಇರಬೇಕು. ತೆಗೆದ ಗೆರೆಯ ಬುಡದಲ್ಲಿ ಉಳಿದ ತುಂಡಿನ ಅಂಚಿಗೂ ಹೊಲಿಗೆ ಹಾಕಿ ಮುಚ್ಚಬೇಕು. ಅದನ್ನು ಮರೆತರೆ ಕತ್ತರಿಯಿಂದ ಕತ್ತರಿಸಿದ ಹಾಗೆ ಕಾಣುತ್ತದೆ. ಕೊನೆಗೆ ಹೊಸ ಗೆರೆಗೆ ಫೋಟೋದಷ್ಟೇ ನಾಯ್ಸ್ ಸೇರಿಸಿ.

ಗುಂಪು ಫೋಟೋದ ಹಿಂದಿನ ಸಾಲಿನಲ್ಲಿ ಅಂಕಿ 40 ಪಿಕ್ಸೆಲ್ ಇದ್ದರೆ ಇದೆಲ್ಲ ಸುಮ್ನೆ. ಅಲ್ಲಿ ಹೊಲಿಗೆ ಅಂದರೆ ಅಂಚಿನ ಒಂದು ಮಬ್ಬು ಗೆರೆ. ಬಣ್ಣ, ನೆರಳು, ಬ್ಲರ್ ಸರಿಯಿದ್ದರೆ ಸಾಕು.

ನನ್ನದು ಮುಂದಿನ ಸಾಲು, ಜಾಸ್ತಿ ಹೊತ್ತು ಹಿಡಿಯಿತು. ಮುಗಿಸಿ ಕಳಿಸಿದೆ. ಹತ್ತೇ ನಿಮಿಷಕ್ಕೆ ಆ ಹುಡುಗನ ಫೋನ್ ಬಂತು: "ಅಣ್ಣಾ, ಚಡ್ಡಿ ಮೇಲೆ ಇನ್ನೂ ಸಣ್ಣ 6 ಇದೆ."