ಕಾಫಿ ಕಪ್ ಮತ್ತು 80ರ ಬೀಪ್: ಎಕ್ಸ್‌ಪ್ರೆಸ್‌ವೇಯಲ್ಲಿ ಬರೆದುಕೊಂಡ ಟಿಪ್ಪಣಿ

ನಮ್ಮ ಜೊತೆ ಡ್ರೈವಿಂಗ್ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಕಳೆದ ತಿಂಗಳು ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಹಿಡಿದು ನೆರೂಲ್‌ನಿಂದ ಚಿಂಚವಡ್‌ಗೆ ಭಾವನ ಕಾರಿನಲ್ಲಿ ಹೋದೆ. ಸ್ಟೇರಿಂಗ್ ಹಿಡಿದಿದ್ದು ಭಾವ. ನಾನು ಪಕ್ಕದಲ್ಲಿ ಕೂತು ಡ್ಯಾಶ್‌ಬೋರ್ಡ್ ನೋಡುತ್ತಿದ್ದೆ. ಆ ಒಂದು ಪ್ರಯಾಣದಲ್ಲೇ ಎರಡೂ ಎಚ್ಚರಿಕೆಗಳು ಬಂದವು: ವೇಗ ಜಾಸ್ತಿಯಾದರೆ ಕೇಳುವ ಬೀಪ್, ಓಡಿಸುವವರಿಗೆ ನಿದ್ದೆ ಎಳೆಯುತ್ತಿದೆ ಅನ್ನಿಸಿದರೆ ಡ್ಯಾಶ್‌ಬೋರ್ಡ್‌ನಲ್ಲಿ ಕಾಣುವ ಕಾಫಿ ಕಪ್ ಚಿತ್ರ.

ಮೊದಲು ಬೀಪ್, ಅದು ಸುಲಭ. ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ವೇಗದ ಎಚ್ಚರಿಕೆ ಕಡ್ಡಾಯವಾಯಿತು. 80 ಕಿ.ಮೀ. ದಾಟಿದರೆ ಆಗಾಗ ಬೀಪ್, 120 ದಾಟಿದರೆ ಬಿಡದೆ ಬೀಪ್. ಕಾರು ನೋಡುವುದು ತನ್ನ ವೇಗವನ್ನು ಮಾತ್ರ. ರಸ್ತೆ ಯಾವುದು, ಬೋರ್ಡ್ ಮೇಲೆ ಏನಿದೆ, ಮಳೆ ಇದೆಯಾ ಎಂಬುದೆಲ್ಲ ಅದರ ಲೆಕ್ಕದಲ್ಲಿಲ್ಲ. ಬೋರ್ಡ್ ಓದುವ ಕ್ಯಾಮೆರಾ ಇರುವ ಕಾರುಗಳ ಕಥೆ ಬೇರೆ, ಭಾವನದು ಅಂಥದ್ದಲ್ಲ.

ಇದರಿಂದ ಒಂದು ವಿಚಿತ್ರ ಆಗುತ್ತದೆ. ಕಳಂಬೋಲಿ ದಾಟಿದ ಮೇಲೆ ಸಪಾಟು ರಸ್ತೆಯಲ್ಲಿ ಕಾರಿಗೆ ಮಿತಿ 100. ಭಾವ 90ರಲ್ಲಿದ್ದರು. ತಪ್ಪೇನಿಲ್ಲ, ಆದರೂ ಬೀಪ್ ಬರುತ್ತಲೇ ಇತ್ತು. ಅದೇ ಖೋಪೋಲಿ ಮೇಲಿನ ಘಾಟಿನಲ್ಲಿ ಬೋರ್ಡ್ ಮೇಲಿನ ಮಿತಿ ತುಂಬಾ ಕಡಿಮೆ. ಅಲ್ಲಿ ಯಾರಾದರೂ 75ರಲ್ಲಿ ಹೋದರೆ ದಂಡಕ್ಕೂ ಅಪಾಯಕ್ಕೂ ಸಿಕ್ಕಿಬೀಳುತ್ತಾರೆ, ಕಾರು ಮಾತ್ರ ಸುಮ್ನೆ ಇರುತ್ತದೆ. ಅದಕ್ಕೇ ಬೀಪ್ ಇಲ್ಲ ಅಂದ್ರೆ ಮಿತಿಯೊಳಗೆ ಇದ್ದೀವಿ ಅಂತ ಓದಬೇಡಿ. ಹಲವು ಕಾರುಗಳ ಸೆಟ್ಟಿಂಗ್ಸ್‌ನಲ್ಲಿ ಇನ್ನೊಂದು ವೇಗದ ಎಚ್ಚರಿಕೆ ಇರುತ್ತದೆ, ಅಂಕಿಯನ್ನು ನಾವೇ ಇಡಬಹುದು. ಘಾಟಿಗೆ ಮುಂಚೆ, ಗಾಡಿ ನಿಂತಿರುವಾಗ, ಅಲ್ಲಿನ ಮಿತಿಯನ್ನು ಅದಕ್ಕೆ ಹಾಕಿ. ನನ್ನ ಪ್ರಕಾರ 80ರ ಬೀಪ್‌ಗಿಂತ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಬೀಪ್ ಬಂದಾಗ ಮಾಡುವುದೂ ಸಣ್ಣದೇ. ಬ್ರೇಕ್ ಒತ್ತಬೇಡಿ, ಹಿಂದೆ ಟ್ರಕ್ ಅಂಟಿಕೊಂಡಿರಬಹುದು. ಆಕ್ಸಿಲರೇಟರ್‌ನಿಂದ ಕಾಲು ಸಡಿಲಿಸಿ, ಕನ್ನಡಿ ನೋಡಿ, ವೇಗ ತಾನೇ ಇಳಿಯಲಿ. ಲೋನಾವಳಾದಿಂದ ಮುಂಬೈ ಕಡೆ ಇಳಿಯುವಾಗಾದರೆ ಗೇರ್ ಇಳಿಸಿ. ಬ್ರೇಕ್ ಒತ್ತಿಹಿಡಿದೇ ಘಾಟಿ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ.

ಇನ್ನು ಕಪ್. ಮೊದಲ ಸಲ ಕಂಡಾಗ ಅಕ್ಕ, "ಮುಂದೆ ಹೋಟೆಲ್ ಇದೆ ಅಂತಾನಾ?" ಅಂದಿದ್ದಳಂತೆ. ಅವಳನ್ನು ನೋಡಿ ನಗುವಂತಿಲ್ಲ, ಚಿತ್ರ ಹಾಗೇ ಇದೆ. ಸಾಮಾನ್ಯವಾಗಿ ಅದರ ಜೊತೆ ಒಂದು ಸದ್ದು, ವಿಶ್ರಾಂತಿ ತಗೊಳ್ಳಿ ಅನ್ನುವ ಸಾಲು.

ಒಂದೇ ಕಪ್ಪಿನ ಹಿಂದೆ ಮೂರು ಬಗೆಯ ಯಂತ್ರ ಇರಬಹುದು. ಕೆಲವು ಕಾರುಗಳಲ್ಲಿ ಅದು ಬರೀ ಗಡಿಯಾರ: ಇಷ್ಟು ಹೊತ್ತು ಓಡಿಸಿದಿರಿ, ನಿಲ್ಲಿಸಿ. ಕೆಲವದರಲ್ಲಿ ಸ್ಟೇರಿಂಗ್ ಬಳಿ ಕ್ಯಾಮೆರಾ ಇದ್ದು ರೆಪ್ಪೆ ಎಷ್ಟು ಹೊತ್ತು ಮುಚ್ಚಿರುತ್ತದೆ ಅಂತ ನೋಡುತ್ತದೆ. ಇವೆರಡರ ನಡುವಿನದು ಸ್ಟೇರಿಂಗ್ ಓದುವ ಬಗೆ, ಭಾವನ ಕಾರಿನದು ಅದೇ. ನಿಮ್ಮದು ಯಾವುದು ಅಂತ ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ನೋಡಿಕೊಳ್ಳಿ.

ಎಚ್ಚರ ಇರುವವರ ಕೈ ಸ್ಟೇರಿಂಗ್ ಮೇಲೆ ಸುಮ್ನೆ ಇರುವುದಿಲ್ಲ. ಕೂದಲೆಳೆಯಷ್ಟು ಆ ಕಡೆ, ಈ ಕಡೆ ತಿದ್ದುತ್ತಲೇ ಇರುತ್ತದೆ. ನಿದ್ದೆ ಎಳೆಯುವಾಗ ಈ ಸಣ್ಣ ತಿದ್ದುಗಳು ನಿಲ್ಲುತ್ತವೆ. ಕಾರು ಮೆಲ್ಲಗೆ ವಾಲುತ್ತದೆ, ತಟ್ಟನೆ ಎಚ್ಚರವಾಗಿ ಕೈ ಜೋರಾಗಿ ಎಳೆಯುತ್ತದೆ. ಸ್ಟೇರಿಂಗ್ ಕೋನದ ಸೆನ್ಸರ್ ಹುಡುಕುವುದು ಈ ಜೋಡಿಯನ್ನು: ಮೊದಲು ಸ್ತಬ್ಧ, ಆಮೇಲೆ ಜಗ್ಗಾಟ. ಒಂದು ಸಲ ಆದರೆ ಅದು ಏನೂ ಹೇಳುವುದಿಲ್ಲ. ಮತ್ತೆ ಮತ್ತೆ ಆದರೆ, ಎಷ್ಟು ಹೊತ್ತಿನಿಂದ ಓಡಿಸುತ್ತಿದ್ದಾರೆ, ಈಗ ಗಂಟೆ ಎಷ್ಟು ಅನ್ನುವುದನ್ನೂ ಸೇರಿಸಿ ತೂಗಿ ಕಪ್ ತೋರಿಸುತ್ತದೆ.

ಇದಕ್ಕೆ ಹೋಲಿಕೆಗೆ ಒಂದು ಮಾದರಿ ಬೇಕಲ್ವಾ? ಪ್ರಯಾಣದ ಮೊದಲ ಹದಿನೈದು ನಿಮಿಷದ ಆಸುಪಾಸು ನಿಮ್ಮ ಕೈಯ ರೀತಿಯನ್ನು ಕಲಿಯುತ್ತದೆ. ಆಮೇಲೆ ಅದರಿಂದ ಎಷ್ಟು ಬದಲಾಯಿತು ಅಂತ ಅಳೆಯುತ್ತದೆ. ಈ ಬಗೆಯ ಹಲವು ಕಾರುಗಳಲ್ಲಿ ಸುಮಾರು 65 ಕಿ.ಮೀ. ವೇಗದ ಕೆಳಗೆ ಈ ಲೆಕ್ಕ ನಡೆಯುವುದೇ ಇಲ್ಲ.

ಈಗ ನಮ್ಮ ಪ್ರಯಾಣ ನೋಡಿ. ಭಾವ ಮಲಗಿದ್ದು ರಾತ್ರಿ ಹನ್ನೆರಡೂವರೆಗೆ, ಎದ್ದಿದ್ದು ನಾಲ್ಕಕ್ಕೆ. 4:45ಕ್ಕೆ ಮನೆ ಬಿಟ್ಟೆವು, 5:05ಕ್ಕೆ ಕಳಂಬೋಲಿ. ಅಲ್ಲಿಂದ ಖಾಲಾಪುರದ ಕಡೆ ಹೋಗುವಷ್ಟರಲ್ಲಿ ಕಾರು ಮಾದರಿ ಕಲಿತಿತ್ತು. ಆದರೆ ಕಲಿತಿದ್ದು ಅರೆನಿದ್ದೆಯ ಕೈಯನ್ನು. ಭಾವ ಎರಡು ಸಲ ಆಕಳಿಸಿದ್ದನ್ನು ನಾನು ನೋಡಿದ್ದೆ, ಕಾರು ನೋಡಿರಲಿಲ್ಲ. ಈ ವ್ಯವಸ್ಥೆಯ ದೊಡ್ಡ ಕುರುಡುತನ ಇಲ್ಲೇ ಇದೆ. ದಣಿದೇ ಹೊರಟವರಲ್ಲಿ ಬದಲಾವಣೆ ಕಮ್ಮಿ ಕಾಣುತ್ತದೆ, ಕಪ್ ತಡವಾಗುತ್ತದೆ.

ಆಮೇಲೆ ಘಾಟಿ. ವೇಗ ಇಳಿಯಿತು, ತಿರುವುಗಳಲ್ಲಿ ಸ್ಟೇರಿಂಗ್ ಹೇಗೂ ತಿರುಗುತ್ತಿತ್ತು. ಅಲ್ಲಿ ಕಪ್ ಕಾಣುವ ಸಂಭವವೇ ಇರಲಿಲ್ಲ. ಲೋನಾವಳಾ ದಾಟಿ ರಸ್ತೆ ನೆಟ್ಟಗಾಯಿತು, ವೇಗ ಮತ್ತೆ 90. ಕಾಮ್‌ಶೇತ್ ಹತ್ತಿರ ಕಾರು ಎಡಕ್ಕೆ ಸರಿದು ಬಿಳಿ ಗೆರೆ ಮುಟ್ಟಿತು, ಭಾವ ಸರಕ್ಕನೆ ಎಳೆದರು. ಐದು ನಿಮಿಷ ಬಿಟ್ಟು ಮತ್ತೆ ಅದೇ. ಆಗ ಬಂತು ಕಪ್. 90ರಲ್ಲಿ ಸೆಕೆಂಡಿಗೆ 25 ಮೀಟರ್ ಓಡುತ್ತೇವೆ. ಮೂರು ಸೆಕೆಂಡ್ ಕಣ್ಣು ಹತ್ತಿದರೆ 75 ಮೀಟರ್ ಯಾರೂ ಓಡಿಸುತ್ತಿಲ್ಲ ಅಂತ ಅರ್ಥ.

ಭಾವ ಮೊದಲು ಕಿಟಕಿ ಇಳಿಸಿದರು, ಹಾಡು ಜೋರು ಮಾಡಿದರು. ಇವೆರಡೂ ಕೆಲ ನಿಮಿಷದ ಆಟ. "ಟೋಲ್ ಹತ್ರ ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಹೋಗುತ್ತೆ," ಅಂದರು. ಹೋಗುವುದು ನಿಜ. ಇಂಜಿನ್ ನಿಲ್ಲಿಸಿ ಬಾಗಿಲು ತೆರೆದರೆ ಎಷ್ಟೋ ಕಾರು ವಿಶ್ರಾಂತಿ ಆಯಿತು ಅಂತ ಲೆಕ್ಕ ಹಾಕಿ ಮೊದಲಿನಿಂದ ಕಲಿಯುತ್ತದೆ. ಕಪ್ ಹೋಗುತ್ತದೆ, ನಿದ್ದೆ ಅಲ್ಲೇ ಇರುತ್ತದೆ.

ಅಂಚಿನಲ್ಲಿ ನಿಲ್ಲಿಸೋಣವಾ ಅಂದರು. ಬೇಡ ಅಂದೆ, ಕತ್ತಲಲ್ಲಿ ಎಕ್ಸ್‌ಪ್ರೆಸ್‌ವೇ ಅಂಚಿಗೆ ನಿಂತ ಗಾಡಿಗೆ ಹಿಂದಿನಿಂದ ಬಂದು ಗುದ್ದುವುದುಂಟು. ಎಡ ಲೇನಿಗೆ ಬಂದು ವೇಗ ಇಳಿಸಿ, ಮಾತಾಡಿಸುತ್ತಾ ತಳೇಗಾಂವ್‌ನಲ್ಲಿ ಕೆಳಗಿಳಿದು ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿದೆವು. ನನಗೆ ಲೈಸೆನ್ಸ್ ಇದ್ದಿದ್ದರೆ ಅಲ್ಲಿ ಸೀಟು ಬದಲಾಯಿಸುತ್ತಿದ್ದೆವು, ಇನ್ನೂ ಬಂದಿಲ್ಲ.

ಮಾಡಬೇಕಾದ ಕ್ರಮ ಹೀಗೆ: ಮೊದಲು ಕಾಫಿ, ಆಮೇಲೆ ನಿದ್ದೆ. ಉಲ್ಟಾ ಅನ್ನಿಸುತ್ತದೆ, ಆದರೆ ಕಾಫಿ ತಲೆಗೆ ಏರಲು ಸುಮಾರು ಅರ್ಧ ಗಂಟೆ ಬೇಕು. ಆ ಹೊತ್ತನ್ನು ನಿದ್ದೆಗೆ ಬಳಸಬಹುದು. ಅಲಾರಂ ಇಟ್ಟು 15ರಿಂದ 20 ನಿಮಿಷ ಸೀಟು ಹಿಂದಕ್ಕೆ ಒರಗಿಸಿ ಮಲಗಬೇಕು. ಅದಕ್ಕಿಂತ ಜಾಸ್ತಿ ಮಲಗಿದರೆ ಗಾಢ ನಿದ್ದೆಗೆ ಇಳಿದು ಎದ್ದ ಮೇಲೆ ಮಂಕು ಬಡಿಯುತ್ತದೆ. ಎದ್ದ ಕೂಡಲೇ ಕೀ ತಿರುಗಿಸದೆ ಮುಖ ತೊಳೆದು ಸ್ವಲ್ಪ ನಡೆಯಬೇಕು. ಭಾವ ಗೊರಕೆ ಹೊಡೆದರು, ನಾನು ಇದನ್ನು ಫೋನಿನಲ್ಲಿ ಬರೆದುಕೊಂಡೆ.

ಅಲ್ಲಿಂದ ಹಳೇ ಹೈವೇ ಹಿಡಿದು, ದೇಹೂ ರೋಡ್ ಮೇಲೆ ಚಿಂಚವಡ್ ತಲುಪಿದಾಗ ಭಾವ ಹೆಮ್ಮೆಯಿಂದ, "ನೋಡು, ಆಮೇಲೆ ಕಪ್ ಬರಲೇ ಇಲ್ಲ" ಅಂದರು. ಆ ದಾರಿಯಲ್ಲಿ ನಾವು ಒಮ್ಮೆಯೂ 60 ದಾಟಿರಲಿಲ್ಲ.